ಡೇರಿ ಬಾಗಿಲಿನಿಂದ ಹಿಂದಕ್ಕೆ ಎಣಿಸೋಣ: ನಾಲ್ಕು ಹಸುಗಳ ಮನೆಯ ಒಂದು ದಿನ

(ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಅಕ್ಕಂದಿರೇ, ಅಣ್ಣಂದಿರೇ, ನಮಸ್ಕಾರ.

ಹಸು ಸಾಕುವುದು ಹೇಗೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹೊಳೆಯಿಲ್ಲದ ಈ ಜಿಲ್ಲೆಯಲ್ಲಿ ಕೊಳವೆಬಾವಿ ನೀರಿನಲ್ಲೇ ಹುಲ್ಲು ಬೆಳೆದು, ರೇಷ್ಮೆ, ಟೊಮೆಟೊ ಜೊತೆಗೆ ಹಾಲನ್ನೂ ನಡೆಸಿಕೊಂಡು ಬಂದವರು ನೀವು. ಇವತ್ತು ನಾನು ಒಂದೇ ವಿಷಯ ಹಿಡಿದುಕೊಂಡು ಬಂದಿದ್ದೇನೆ. ಅದು ಸಮಯ. ಯಾವ ಕೆಲಸ ಎಷ್ಟು ಹೊತ್ತಿಗೆ, ಯಾವುದರ ಹಿಂದೆ ಯಾವುದು. ಮೇವು ಬದಲಿಸದೆ, ಹಸು ಬದಲಿಸದೆ, ಬರೀ ಹೊತ್ತು ಬದಲಿಸಿದ್ದಕ್ಕೆ ಹಾಲಿನ ಚೀಟಿಯಲ್ಲಿ ಫ್ಯಾಟು ಏರಿದ್ದನ್ನು ನಾನು ಒಂದು ಮನೆಯಲ್ಲಿ ನೋಡಿದ್ದೇನೆ. ಆ ಮನೆಯ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮನೆಯವರ ಹೆಸರು ಬೇಡ. ಗಂಡ, ಹೆಂಡತಿ, ಒಬ್ಬ ಅತ್ತೆ. ನಾಲ್ಕು ಸೀಮೆಹಸು. ಒಂದು ದಿನಕ್ಕೆ 14 ಲೀಟರ್ ಕೊಡುತ್ತದೆ, ಇನ್ನೊಂದು 10, ಮತ್ತೊಂದು ಕರು ಹಾಕಿ ತುಂಬಾ ದಿನವಾದದ್ದು, 8. ನಾಲ್ಕನೆಯದು ತುಂಬು ಗಬ್ಬ, ಹಾಲು ಬತ್ತಿಸಿದ್ದಾರೆ. ಕೈಯಲ್ಲೇ ಕರೆಯುತ್ತಾರೆ, ಮಷೀನು ಇಲ್ಲ. ಒಂದು ಎಕರೆಯಲ್ಲಿ ಟೊಮೆಟೊ, ಅರ್ಧ ಎಕರೆ ನೇಪಿಯರ್ ಮತ್ತು ಮೇವಿನ ಜೋಳ, ಮನೆ ಹಿಂದೆ ರಾಗಿ ಹುಲ್ಲಿನ ಮೆದೆ.

ಅವರ ದೂರು ಎರಡು. ಬೆಳಿಗ್ಗೆ ಹಾಲಿಗೆ ಫ್ಯಾಟು ಬರುವುದಿಲ್ಲ. ಸಂಜೆ ಹಾಲು ಬೇಸಿಗೆಯಲ್ಲಿ ಡೇರಿಯಿಂದ ವಾಪಸ್ ಬರುತ್ತದೆ. ಹಿಂಡಿ ಸರಿಯಿಲ್ಲ ಅಂತ ಅವರು ಎರಡು ಸಲ ಹಿಂಡಿ ಬದಲಿಸಿದ್ದರು. ಏನೂ ಆಗಲಿಲ್ಲ.

ನಾನು ಕೇಳಿದ್ದು, "ಎಷ್ಟು ಗಂಟೆಗೆ ಕರೀತೀರಮ್ಮ?" ಬೆಳಿಗ್ಗೆ ಆರೂವರೆಗೆ, ಮಧ್ಯಾಹ್ನ ಮೂರೂವರೆಗೆ ಅಂದರು. ಮೂರೂವರೆಗೆ ಯಾಕೆ ಅಂದರೆ, ಆಮೇಲೆ ಟೊಮೆಟೊ ತೋಟಕ್ಕೆ ಹೋಗಬೇಕು. ಡೇರಿ ತೆಗೆಯುವುದು ಐದೂವರೆಗೆ. ಅಂದರೆ ಹಾಲು ಸುಮ್ನೆ ಎರಡು ಗಂಟೆ ಮನೆಯಲ್ಲಿ ಕೂತಿರುತ್ತದೆ. ಎರಡು ದೂರಿಗೂ ಕಾರಣ ಈ ಮೂರೂವರೆಯಲ್ಲೇ ಇತ್ತು.

ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ಆರೂವರೆಯಿಂದ ಮೂರೂವರೆಗೆ 9 ಗಂಟೆ. ಮೂರೂವರೆಯಿಂದ ಮರುದಿನ ಆರೂವರೆಗೆ 15 ಗಂಟೆ. ಕೆಚ್ಚಲಲ್ಲಿ ಹಾಲು ಜಾಸ್ತಿ ಹೊತ್ತು ತುಂಬಿಕೊಂಡಷ್ಟೂ ಹಾಲಿನ ಅಳತೆ ಹೆಚ್ಚುತ್ತದೆ, ಫ್ಯಾಟು ಇಳಿಯುತ್ತದೆ. ಕಡಿಮೆ ಹೊತ್ತಿಗೆ ಕರೆದರೆ ಹಾಲು ಕಡಿಮೆ, ಫ್ಯಾಟು ಜಾಸ್ತಿ. ಎಲ್ಲ ಹಸುವಿಗೂ ಇದು ಹೀಗೇ. ಈ ಮನೆಯ ಚೀಟಿಗಳಲ್ಲಿ ಬೆಳಿಗ್ಗೆ 3.2, ಸಂಜೆ 4.3 ಹೀಗೆ ಬರುತ್ತಿತ್ತು. ಹಾಲಿನ ದರ ಸಾಮಾನ್ಯವಾಗಿ 3.5 ಫ್ಯಾಟು, 8.5 ಎಸ್‌ಎನ್‌ಎಫ್ ಲೆಕ್ಕ ಹಿಡಿದು ಇರುತ್ತದೆ ಅಲ್ವಾ? ಜಾಸ್ತಿ ಹಾಲು ಬರುವ ಹೊತ್ತಿಗೇ ಫ್ಯಾಟು ಆ ಗೆರೆಯ ಕೆಳಗೆ ಹೋಗುತ್ತಿತ್ತು.

ಇನ್ನೊಂದು ನಷ್ಟ ಚೀಟಿಯಲ್ಲಿ ಕಾಣುವುದಿಲ್ಲ. ಕೆಚ್ಚಲು ತುಂಬಿ ಬಿಗಿದ ಮೇಲೆ ಹಸು ಹೊಸ ಹಾಲು ಕಟ್ಟುವುದನ್ನು ನಿಧಾನ ಮಾಡುತ್ತದೆ. ಜಾಸ್ತಿ ಹಾಲು ಕೊಡುವ ಹಸುವಿಗೆ ಇದು ಬೇಗ ತಟ್ಟುತ್ತದೆ. ಬೆಳಗಿನ ಜಾವ ಹೋಗಿ ನೋಡಿ. ಹಸು ಮಲಗಿದ್ದ ಕಡೆ ಬೆಳ್ಳಗೆ ಹಾಲು ಸೋರಿದ್ದರೆ ರಾತ್ರಿ ಅಂತರ ಅದಕ್ಕೆ ಉದ್ದವಾಗಿದೆ ಅಂತ ತಿಳಿಯಿರಿ. ತೊಟ್ಟು ತೆರೆದು ಹಾಲು ಸೋರುವ ಹಸು ಸಗಣಿ ಮೇಲೆ ಮಲಗಿದರೆ ಕೆಚ್ಚಲು ಬಾವು ಬರಲು ದಾರಿ ಮಾಡಿಕೊಟ್ಟ ಹಾಗೆ.

ಹಾಗಾದರೆ ಹೊತ್ತು ಹೇಗೆ ಗೊತ್ತು ಮಾಡಬೇಕು? ನಮ್ಮ ಕೈಯಲ್ಲಿ ಇಲ್ಲದಿರುವುದು ಡೇರಿ ಬಾಗಿಲು ಒಂದೇ. ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಈ ಮನೆಯವರ ಸಂಘ ಬೆಳಿಗ್ಗೆ ಆರೂಕಾಲಿನಿಂದ ಏಳೂವರೆವರೆಗೆ, ಸಂಜೆ ಐದೂವರೆಯಿಂದ ಆರೂವರೆವರೆಗೆ ಹಾಲು ಹಾಕಿಸಿಕೊಳ್ಳುತ್ತದೆ. ಮನೆಯಿಂದ ಡೇರಿಗೆ ಹತ್ತು ನಿಮಿಷದ ದಾರಿ. ಹಾಲು ಸೋಸಿ ಹೊರಡುವುದಕ್ಕೆ ಹತ್ತು ನಿಮಿಷ. ಒಂದು ಹಸುವಿಗೆ ಕೆಚ್ಚಲು ತೊಳೆಯುವುದೂ ಸೇರಿ ಹತ್ತು, ಹನ್ನೆರಡು ನಿಮಿಷ, ಮೂರು ಹಸುವಿಗೆ 35 ನಿಮಿಷ. ಎಲ್ಲ ಸೇರಿ 55 ನಿಮಿಷ. ಬೆಳಿಗ್ಗೆ 5:40ಕ್ಕೆ ಕರೆಯಲು ಕೂತರೆ 6:35ಕ್ಕೆ ಡೇರಿಯಲ್ಲಿ. ಸಂಜೆ 5ಕ್ಕೆ ಕೂತರೆ 5:55ಕ್ಕೆ ಡೇರಿಯಲ್ಲಿ. ಹಗಲಿನ ಅಂತರ 11 ಗಂಟೆ 20 ನಿಮಿಷ, ರಾತ್ರಿಯದು 12 ಗಂಟೆ 40 ನಿಮಿಷ. ಗಂಟೆ ಸರಿಯಾಗಿ ಹನ್ನೆರಡೇ ಆಗಬೇಕಿಲ್ಲ. ಇಷ್ಟು ಹತ್ತಿರ ಬಂದರೆ ಸಾಕು.

ಈ ಬದಲಾವಣೆಯನ್ನು ಒಂದೇ ದಿನ ಮಾಡಬೇಡಿ. ಮೊದಲು ಸಂಜೆಯದನ್ನು ಹಿಡಿದರು. ಎರಡು ದಿನಕ್ಕೊಮ್ಮೆ ಕಾಲು ಗಂಟೆ ತಡ ಮಾಡುತ್ತಾ ಮೂರೂವರೆಯಿಂದ ಐದಕ್ಕೆ ತಂದರು. ಆಮೇಲೆ ಬೆಳಗಿನದನ್ನು ಸ್ವಲ್ಪ ಸ್ವಲ್ಪವಾಗಿ ಬೇಗ ಮಾಡಿದರು. ಎರಡೂ ಸೇರಿ ಮೂರು ವಾರದ ಕೆಲಸ.

ಈಗ ಬೆಳಿಗ್ಗೆ ಐದು ಗಂಟೆಯಿಂದ ಶುರು ಮಾಡೋಣ.

ಎದ್ದ ತಕ್ಷಣ ಕೊಟ್ಟಿಗೆಗೆ ಹೋಗಿ ಮೊದಲು ಸುಮ್ಮನೆ ನೋಡಿ. ರಾತ್ರಿ ಹಾಕಿದ ಹುಲ್ಲು ಯಾವ ಹಸು ಬಿಟ್ಟಿದೆ? ಯಾವುದರ ಸಗಣಿ ನೀರಾಗಿದೆ? ಯಾವುದರ ಹಿಂದೆ ಗಾಜಿನಂಥ ಲೋಳೆ ಇಳಿದಿದೆ? ಬೆದೆ ಗೊತ್ತಾಗುವುದು ಜಾಸ್ತಿ ಈ ಹೊತ್ತಿನಲ್ಲೇ, ಮತ್ತೆ ರಾತ್ರಿ. ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಅವತ್ತು ಸಂಜೆ ಗಬ್ಬದ ಇಂಜೆಕ್ಷನ್ ಹಾಕಿಸಿ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ. ಇದನ್ನು ಐದು ಗಂಟೆಗೆ ನೋಡದೆ ಹಾಲಿನ ಗಡಿಬಿಡಿಯಲ್ಲಿ ಮರೆತರೆ ಇನ್ನು 21 ದಿನ ಕಾಯಬೇಕು. ಅಷ್ಟು ದಿನದ ಮೇವು ದಂಡ.

ಆಮೇಲೆ ಸಗಣಿ ಬಾಚಿ, ಗಂಜಲದ ಕಾಲುವೆಗೆ ನೀರು ಬಿಟ್ಟು ನೆಲ ತೊಳೆಯಿರಿ. ಒಣ ಪೊರಕೆಯಲ್ಲಿ ಗುಡಿಸಬೇಡಿ. ಎದ್ದ ಧೂಳು ಕೆಳಗೆ ಕೂರುವುದಕ್ಕೆ ಸಮಯ ಬೇಕು, ಅಷ್ಟರಲ್ಲಿ ಹಾಲಿನ ಪಾತ್ರೆ ಬಂದಿರುತ್ತದೆ. ಅದೇ ಕಾರಣಕ್ಕೆ ಕರೆಯುವ ಮುಂಚೆ ರಾಗಿ ಹುಲ್ಲನ್ನು ಕೊಡವಿ ಹಾಕಬೇಡಿ. ಸೈಲೇಜ್, ಮೂಲಂಗಿ ಸೊಪ್ಪು, ಕೋಸಿನ ಎಲೆ ಇಂಥವನ್ನು ಕರೆಯುವ ಮುಂಚೆ ಹಾಕಿದರೆ ಅದರ ವಾಸನೆ ಹಾಲಿಗೆ ಬರುತ್ತದೆ. ಇವೆಲ್ಲ ಕರೆದಾದ ಮೇಲೆ.

ಹಸುವಿಗೆ ಮೈತುಂಬ ನೀರು ಸುರಿದು ಕರೆಯಲು ಕೂರುವವರು ಇದ್ದಾರೆ. ಒದ್ದೆ ಹೊಟ್ಟೆಯಿಂದ ಕೊಳೆ ನೀರು ತೊಟ್ಟಿಕ್ಕಿ ಪಾತ್ರೆಗೇ ಬೀಳುತ್ತದೆ. ಮೈ ತೊಳೆಯುವುದು ಹಗಲು ಹನ್ನೊಂದು ಗಂಟೆಗೆ, ಬಿಸಿಲಿದ್ದಾಗ. ಈಗ ಕೆಚ್ಚಲು ಮಾತ್ರ. ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಒಂದು ಹಸುವಿಗೆ ಒಂದು ಬಟ್ಟೆ. ಒಂದೇ ಬಟ್ಟೆಯಲ್ಲಿ ಮೂರಕ್ಕೂ ಒರೆಸಿದರೆ ಒಂದರ ಕೆಚ್ಚಲು ಬಾವು ಮೂರಕ್ಕೂ ಹಂಚಿದಂತೆ.

ಆ ತೊಳೆಯುವ, ಒರೆಸುವ ಕೆಲಸ ಶುಚಿಗಷ್ಟೇ ಅಲ್ಲ. ಕೆಚ್ಚಲಿಗೆ ಕೈ ತಾಗಿ ಒಂದು ನಿಮಿಷದಷ್ಟರಲ್ಲಿ ಹಸು ಸೊರ ಬಿಡುತ್ತದೆ. ತೊಟ್ಟು ತುಂಬಿ ಬಿಗಿಯಾಗುವುದು ನಿಮ್ಮ ಕೈಗೇ ಗೊತ್ತಾಗುತ್ತದೆ. ಆ ಸೊರ ಐದಾರು ನಿಮಿಷ, ಹೆಚ್ಚೆಂದರೆ ಏಳೆಂಟು ನಿಮಿಷ ನಿಲ್ಲುತ್ತದೆ. ಅಷ್ಟರಲ್ಲಿ ಕರೆದು ಮುಗಿಸಬೇಕು. ಕೆಚ್ಚಲು ತೊಳೆದಿಟ್ಟು ಪಾತ್ರೆ ತರಲು ಒಳಗೆ ಹೋಗುವುದು, ಮಧ್ಯೆ ಫೋನು ಬಂತೆಂದು ಏಳುವುದು, ಮೂರೂ ಹಸುವಿನ ಕೆಚ್ಚಲು ಒಟ್ಟಿಗೆ ತೊಳೆದು ಆಮೇಲೆ ಒಂದೊಂದಾಗಿ ಕರೆಯುವುದು, ಇವೆಲ್ಲ ಹಾಲು ಒಳಗೇ ಉಳಿಯುವ ದಾರಿಗಳು. ಹೆದರಿದ ಹಸುವೂ ಸೊರ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಕೊಟ್ಟಿಗೆಗೆ ನಾಯಿ ಬರಬಾರದು, ಹೊಸಬರು ಬರಬಾರದು, ಕೂಗಾಟ ಬೇಡ.

ಮೊದಲ ಒಂದೆರಡು ಧಾರೆಯನ್ನು ಪಾತ್ರೆಗೆ ಬಿಡಬೇಡಿ. ಒಂದು ಲೋಟದ ಬಾಯಿಗೆ ಕಪ್ಪು ಬಟ್ಟೆ ಕಟ್ಟಿ ಅದರ ಮೇಲೆ ಹಿಂಡಿ. ಹಿಟ್ಟಿನಂಥ ಚೂರು, ದಾರದಂಥದ್ದು, ನೀರುನೀರು ಹಾಲು ಕಂಡರೆ ಕೆಚ್ಚಲು ಬಾವು ಶುರುವಾಗಿದೆ. ಇದು ಊತ ಬರುವುದಕ್ಕೂ ಮುಂಚೆ ಕಾಣುತ್ತದೆ. ಆ ಹಸುವನ್ನು ಕೊನೆಗೆ ಕರೆಯಿರಿ, ಅದರ ಹಾಲು ಬೇರೆ ಇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಔಷಧಿ ಹಾಕಿದ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತ ಡಾಕ್ಟರನ್ನು ಕೇಳಿಯೇ ಕಳಿಸಿ.

ಕರೆಯುವಾಗ ಮುಷ್ಟಿ ಹಿಡಿದು ಕರೆಯಿರಿ. ಹೆಬ್ಬೆರಳು ಮಡಚಿ ಗೆಣ್ಣಿನಲ್ಲಿ ಒತ್ತಿ ಎಳೆಯುವ ಅಭ್ಯಾಸ ನಮ್ಮ ಕಡೆ ಇದೆ. ಅದರಿಂದ ತೊಟ್ಟಿನ ಒಳಗೆ ಗಾಯವಾಗುತ್ತದೆ, ಕಾಲಕ್ರಮೇಣ ಒಳಗೆ ಗಂಟು ಕಟ್ಟುತ್ತದೆ.

ಇಲ್ಲಿ ಒಬ್ಬ ಅಕ್ಕ ಎದ್ದು ಕೇಳಿದರು, "ಸಾರ್, ಕೊನೇ ಹಾಲು ಕರುವಿಗೆ ಬಿಡ್ತೀವಿ. ತಪ್ಪಾ?" ತಪ್ಪಲ್ಲಮ್ಮ, ಕರುವಿಗೆ ಹಾಲು ಬೇಕೇಬೇಕು. ಆದರೆ ಲೆಕ್ಕ ತಿಳಿದಿರಬೇಕು. ಮೊದಲ ಧಾರೆಗಳಲ್ಲಿ ಫ್ಯಾಟು ಒಂದು, ಎರಡರಷ್ಟಿದ್ದರೆ ಕೊನೆಯ ಹಿಂಡಿಕೆಯಲ್ಲಿ ಅದರ ನಾಲ್ಕೈದು ಪಟ್ಟು ಇರುತ್ತದೆ. ಬೆಣ್ಣೆಯೆಲ್ಲ ಕೊನೆಯಲ್ಲಿ ಇಳಿಯುತ್ತದೆ. ಕೊನೆಯ ಒಂದು ಲೀಟರ್ ಕರುವಿಗೆ ಬಿಟ್ಟು ತೆಳ್ಳಗಿನ ಹಾಲನ್ನು ಡೇರಿಗೆ ಹಾಕಿದರೆ ಮಷೀನು ತೆಳ್ಳಗೇ ತೋರಿಸುತ್ತದೆ. ಪೂರ್ತಿ ಕರೆದು, ಕಲೆಸಿ, ಅದರಲ್ಲಿ ಕರುವಿನ ಪಾಲನ್ನು ಅಳೆದು ಬೆಚ್ಚಗಿರುವಾಗಲೇ ಕುಡಿಸಿ. ಕರುವಿನ ತೂಕದ ಹತ್ತರಲ್ಲಿ ಒಂದು ಭಾಗ, ಅಂದರೆ 30 ಕಿಲೋ ಕರುವಿಗೆ ದಿನಕ್ಕೆ 3 ಲೀಟರ್, ಎರಡು ಹೊತ್ತಿಗೆ. ಕರು ಬಾಯಿ ಹಾಕದೆ ಹಾಲು ಬಿಡದ ಹಸುವಿದ್ದರೆ ಮೊದಲು ಸ್ವಲ್ಪ ಚೀಪಿಸಿ ಬಿಡಿಸಿಕೊಳ್ಳಿ, ಕೊನೆಯಲ್ಲಿ ಬೇಡ. ಆಗಲೂ ಕರು ಬಿಡಿಸಿದ ಮೇಲೆ ಕೆಚ್ಚಲು ತೊಳೆದು ಒರೆಸಿ.

ಕರೆದ ಮೇಲೆ ನಾಲ್ಕೂ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಔಷಧಿ ಅಂಗಡಿಯಲ್ಲಿ ತೊಟ್ಟು ಅದ್ದುವುದಕ್ಕೆ ಅಂತಲೇ ಸಿಗುತ್ತದೆ. ತಕ್ಷಣ ಗೋದಲಿಗೆ ಹಸಿ ಹುಲ್ಲು ಹಾಕಿ. ಇದು ಇಡೀ ದಿನದ ಕೆಲಸದಲ್ಲಿ ನನಗೆ ತುಂಬಾ ಮುಖ್ಯವಾದ ಹೆಜ್ಜೆ. ಕರೆದಾದ ಮೇಲೆ ತೊಟ್ಟಿನ ತುದಿ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಲ್ಲಿಯವರೆಗೆ ಹಸು ನಿಂತಿರಬೇಕು. ನಿಲ್ಲು ಅಂದರೆ ಅದು ನಿಲ್ಲುವುದಿಲ್ಲ, ಮುಂದೆ ಮೇವಿದ್ದರೆ ನಿಲ್ಲುತ್ತದೆ. ತುಂಬಾ ಮನೆಗಳಲ್ಲಿ ಮೇವು, ಹಿಂಡಿ ಎಲ್ಲ ಕರೆಯುವಾಗಲೇ ತಿನ್ನಿಸಿ ಮುಗಿಸುತ್ತಾರೆ. ಹೊಟ್ಟೆ ತುಂಬಿದ ಹಸು ಕರೆದ ಐದು ನಿಮಿಷಕ್ಕೆ ಮಲಗುತ್ತದೆ. ಕರೆಯುವಾಗ ಬೂಸಾ ಇಡುವ ಅಭ್ಯಾಸವಿದ್ದರೆ ಇಡಿ, ಸ್ವಲ್ಪ ನೀರು ಚಿಮುಕಿಸಿ ಇಡಿ. ಹಸಿ ಹುಲ್ಲು ಮಾತ್ರ ಕರೆದ ಮೇಲಕ್ಕೆ ಉಳಿಸಿಕೊಳ್ಳಿ.

ಹಾಲನ್ನು ಒಗೆದು ಒಣಗಿಸಿದ ಬಟ್ಟೆಯಲ್ಲಿ ಸೋಸಿ ಸ್ಟೀಲ್ ಕ್ಯಾನಿಗೆ ಹಾಕಿ. ಪೇಂಟು ಬಂದಿದ್ದ ಪ್ಲಾಸ್ಟಿಕ್ ಡಬ್ಬ ಬೇಡ, ಅದರ ಒಳಗಿನ ಗೀರುಗಳಲ್ಲಿ ಹಳೆ ಹಾಲು ಕೂತಿರುತ್ತದೆ. ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಇರುತ್ತದೆ. ಹೊಸ ಹಾಲಿಗೆ ತನ್ನದೇ ಆದ ಒಂದು ರಕ್ಷಣೆ ಸ್ವಲ್ಪ ಹೊತ್ತು ಇರುತ್ತದೆ, ಆದರೆ ಪಾತ್ರೆ ಕೊಳಕಿದ್ದರೆ ಅದು ಬೇಗ ಸೋಲುತ್ತದೆ. ಆಮೇಲೆ ಬೇಸಿಗೆಯ ಬಿಸಿಯಲ್ಲಿ ಸೂಕ್ಷ್ಮಜೀವಿಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತವೆ. ಆ ಮನೆಯ ಕಥೆಯಲ್ಲಿ ಮೂರೂವರೆಯ ಹಾಲು ತಗಡಿನ ಸೂರಿನ ಕೆಳಗೆ ಎರಡು ಗಂಟೆ ಕಾಯುತ್ತಿತ್ತು. ಕುದಿಸಿದರೆ ಒಡೆಯುವ ಹಾಲು ಅದು. ಡೇರಿಯವರು ವಾಪಸ್ ಮಾಡಿದ್ದು ಸರಿಯೇ. ಒಂದು ಕ್ಯಾನು ಕೆಟ್ಟ ಹಾಲು ಕೂಲರಿನಲ್ಲಿ ಇಡೀ ಊರಿನ ಹಾಲನ್ನು ಕೆಡಿಸುತ್ತದೆ. ಅನಿವಾರ್ಯವಾಗಿ ಕಾಯಬೇಕಾದರೆ ಕ್ಯಾನನ್ನು ಕುತ್ತಿಗೆಯವರೆಗೆ ತಣ್ಣೀರಿನ ತೊಟ್ಟಿಯಲ್ಲಿಡಿ, ನೀರು ಬೆಚ್ಚಗಾದರೆ ಬದಲಿಸಿ.

ಬೆಳಗಿನ ಹಾಲನ್ನೂ ಸಂಜೆ ಹಾಲನ್ನೂ ಎಂದಿಗೂ ಕೂಡಿಸಬೇಡಿ.

ಡೇರಿಯಿಂದ ಬಂದ ಮೇಲೆ ಕ್ಯಾನು ತೊಳೆಯುವುದನ್ನು ಮುಂದಕ್ಕೆ ಹಾಕಬೇಡಿ. ಮೊದಲು ತಣ್ಣೀರು. ಹಾಲಿನ ಜಿಡ್ಡಿಗೆ ಮೊದಲೇ ಕುದಿಯುವ ನೀರು ಹಾಕಿದರೆ ಅದು ಪಾತ್ರೆಗೆ ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ವಾಷಿಂಗ್ ಸೋಡಾ, ಬ್ರಷ್. ಬೂದಿ, ಮರಳು ಹಾಕಿ ಉಜ್ಜಿದರೆ ಗೀರು ಬೀಳುತ್ತದೆ. ತೊಳೆದು ಬಿಸಿಲಿಗೆ ಬೋರಲು ಹಾಕಿ. ಮುಚ್ಚಳದ ಕೆಳಗಿನ ರಬ್ಬರನ್ನು ತೆಗೆದು ತೊಳೆಯುವವರು ಕಡಿಮೆ. ನಿಮ್ಮದನ್ನು ಇವತ್ತು ಬಿಚ್ಚಿ ಮೂಸಿ ನೋಡಿ. ಹುಳಿ ವಾಸನೆ ಬಂದರೆ ಹಾಲು ಕೆಡುತ್ತಿದ್ದುದು ಅಲ್ಲಿಂದಲೇ.

ಈಗ ಹಗಲಿನ ಮೇವು. 14 ಲೀಟರಿನ ಹಸುವನ್ನೇ ತೆಗೆದುಕೊಳ್ಳೋಣ. ಅದರ ಮೈಗೆ ಒಂದೂವರೆ ಕಿಲೋ ಹಿಂಡಿ, ಒಂದೊಂದು ಲೀಟರ್ ಹಾಲಿಗೆ 400 ಗ್ರಾಂ. ಎಲ್ಲ ಸೇರಿ ಸುಮಾರು 7 ಕಿಲೋ. ಇದನ್ನು ಆ ಮನೆಯವರು ಎರಡೇ ಸಲಕ್ಕೆ, ಮೂರೂವರೆ ಕಿಲೋದಂತೆ ಹಾಕುತ್ತಿದ್ದರು. ಅಷ್ಟು ಒಟ್ಟಿಗೆ ಹೋದರೆ ಹೊಟ್ಟೆಯೊಳಗೆ ಹುಳಿ ಏರುತ್ತದೆ, ಹಸು ಮೆಲುಕು ಕಡಿಮೆ ಮಾಡುತ್ತದೆ, ಫ್ಯಾಟು ಇಳಿಯುತ್ತದೆ. ಸಗಣಿ ತೆಳ್ಳಗಾಗಿ ಅದರಲ್ಲಿ ಜೋಳದ ನುಚ್ಚು ಹಾಗೇ ಕಾಣುವುದು ಅದರ ಗುರುತು. ಈಗ ಬೆಳಿಗ್ಗೆ ಎರಡೂವರೆ, ಮಧ್ಯಾಹ್ನ ಒಂದು ಗಂಟೆಗೆ ಎರಡು, ಸಂಜೆ ಎರಡೂವರೆ ಹಾಕುತ್ತಾರೆ. ಖನಿಜ ಮಿಶ್ರಣ 50 ಗ್ರಾಂ ಬೆಳಗಿನ ಹಿಂಡಿಯಲ್ಲೇ.

ಹಸಿ ಹುಲ್ಲು 25 ಕಿಲೋ, ಎರಡು ಇಂಚಿಗೆ ಕತ್ತರಿಸಿದ್ದು. ಕರೆಂಟು ಯಾವಾಗ ಬರುತ್ತದೋ ಆಗ ಕಟಾವು ಮಷೀನು ಓಡಿಸಬೇಕಾಗುತ್ತದೆ, ಅದು ನನಗೆ ಗೊತ್ತು. ಮಧ್ಯಾಹ್ನ ಕತ್ತರಿಸಿದ್ದನ್ನು ರಾಶಿ ಹಾಕಬೇಡಿ, ಒಳಗೆ ಬಿಸಿಯೇರುತ್ತದೆ. ನೆರಳಿನಲ್ಲಿ ಹರಡಿ. ಹಸಿ ಹುಲ್ಲು ಚೆನ್ನಾಗಿದೆ ಅಂತ ರಾಗಿ ಹುಲ್ಲು ನಿಲ್ಲಿಸಿದವರ ಮನೆಯಲ್ಲೂ ಫ್ಯಾಟು ಬಿದ್ದಿದೆ. ನಾರು ಇದ್ದರೆ ಮೆಲುಕು, ಮೆಲುಕಿದ್ದರೆ ಫ್ಯಾಟು. ದಿನಕ್ಕೆ 4ರಿಂದ 5 ಕಿಲೋ ರಾಗಿ ಹುಲ್ಲು ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಸ್ವಲ್ಪ, ಉಳಿದದ್ದೆಲ್ಲ ರಾತ್ರಿ ಎಂಟೂವರೆಗೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಹಸು ಹಗಲು ತಿನ್ನುವುದಿಲ್ಲ, ಆಗ ಹಸಿ ಹುಲ್ಲಿನಲ್ಲೂ ಜಾಸ್ತಿ ಪಾಲು ರಾತ್ರಿಗೆ ಹೋಗಲಿ.

ನೀರಿನ ಬಗ್ಗೆ ಒಂದೇ ಮಾತು. ತೊಟ್ಟಿ ಯಾವಾಗಲೂ ತುಂಬಿರಲಿ. ಈ ಹಸು ಬೇಸಿಗೆಯಲ್ಲಿ ದಿನಕ್ಕೆ ನೂರು ಲೀಟರ್ ಕುಡಿಯುತ್ತದೆ, ಅದರಲ್ಲೂ ಕರೆದಾದ ತಕ್ಷಣ ಜಾಸ್ತಿ. ಎರಡು ಹೊತ್ತು ಕಲಗಚ್ಚು ಇಟ್ಟರೆ ಸಾಲದು.

ಹನ್ನೊಂದಕ್ಕೆ ಮೈ ತೊಳೆದ ಮೇಲೆ, ಒಂದು ಗಂಟೆಯ ಹಿಂಡಿ ಬಿಟ್ಟರೆ ಮೂರೂವರೆಯವರೆಗೆ ಕೊಟ್ಟಿಗೆಗೆ ಹೋಗಬೇಡಿ. ನೆಲ ಒಣಗಿರಬೇಕು, ಹಸು ಮಲಗಬೇಕು. ಮಲಗಿ ಮೆಲುಕು ಹಾಕುತ್ತಿರುವ ಹಸುವನ್ನು ನೆಲ ತೊಳೆಯಲು ಎಬ್ಬಿಸುವುದು ನನಗೆ ಸರಿ ಕಾಣುವುದಿಲ್ಲ. ಮೂರೂವರೆಗೆ ಸ್ವಲ್ಪ ಹಸಿ ಹುಲ್ಲು, ನಾಲ್ಕೂಕಾಲಿಗೆ ಸಗಣಿ ಬಾಚಿ ನೆಲ ತೊಳೆಯುವುದು, ಐದಕ್ಕೆ ಮತ್ತೆ ಬೆಳಗಿನ ಅದೇ ಕ್ರಮ.

ಕೊನೆಯಲ್ಲಿ ಹಿಂದೆ ಕೂತಿದ್ದ ಅಣ್ಣ ಒಬ್ಬರು ಕೇಳಿದ್ದು ಎಲ್ಲರಿಗೂ ಬೇಕಾದ ಪ್ರಶ್ನೆ. "ಟೊಮೆಟೊ ಕೀಳೋ ದಿನ ನಾವು ಬೆಳಗಿನ ಜಾವ ನಾಲ್ಕು ಗಂಟೆಗೇ ಕೋಲಾರದ ಮಾರ್ಕೆಟ್ಟಿಗೆ ಹೊರಡಬೇಕು. ಅವತ್ತು ಮೂರು ಗಂಟೆಗೇ ಕರೆದುಬಿಡ್ತೀವಿ. ಏನ್ಮಾಡೋದು?"

ಮೂರಕ್ಕೆ ಕರೆಯಬೇಡಿ ಅಣ್ಣ. ಡೇರಿ ತೆಗೆಯುವುದಕ್ಕೆ ಮೂರು ಗಂಟೆ ಬಾಕಿ ಇರುತ್ತದೆ, ಹಾಲೂ ಕಾಯಬೇಕು, ಸಂಜೆಯ ಅಂತರವೂ ಕೆಡುತ್ತದೆ. ನಿಮ್ಮ ಹಸು ನಿಮ್ಮ ಕೈಗೊಂದೇ ಹೊಂದಿಕೊಂಡಿರುವುದು ಇಲ್ಲಿನ ತೊಡಕು. ಆ ಮನೆಯಲ್ಲಿ ಅತ್ತೆಯೂ ಸೊಸೆಯೂ ಒಂದೊಂದು ವಾರ ಸರದಿಯಲ್ಲಿ ಕರೆಯುತ್ತಾರೆ. ಯಾರು ಕೂತರೂ ಹಸು ಸೊರ ಬಿಡುತ್ತದೆ. ನಿಮ್ಮ ಮನೆಯಲ್ಲೂ ಸುಗ್ಗಿಗೆ ಒಂದು ತಿಂಗಳ ಮುಂಚೆಯೇ ಇನ್ನೊಬ್ಬರನ್ನು ಕೂರಿಸಿ. ಕಡಿಮೆ ಹಾಲಿನ ಹಸುವಿನಿಂದ ಶುರು ಮಾಡಲಿ, ನೀವು ಪಕ್ಕದಲ್ಲಿರಿ. ಮಾರ್ಕೆಟ್ಟಿನ ದಿನ ಹಿಂದಿನ ರಾತ್ರಿಯೇ ಹಿಂಡಿ ಅಳೆದು ಮೂರು ಬಕೆಟ್ಟಿಗೆ ಹಾಕಿ, ಹಸಿ ಹುಲ್ಲು ಕತ್ತರಿಸಿ ಹರಡಿ, ಕ್ಯಾನು ಒಣಗಿಸಿ ಇಟ್ಟು ಹೋಗಿ. ಮನೆಯಲ್ಲಿ ಉಳಿದವರಿಗೆ ಆಗ ಬಾಕಿ ಇರುವುದು ಸಗಣಿ, ಕೆಚ್ಚಲು, ಹಾಲು, ಡೇರಿ ಇಷ್ಟೇ. ಎಂದಿನಂತೆ 5:40ಕ್ಕೆ ಕೂತರೆ ಸಮಯಕ್ಕೆ ಸರಿಯಾಗಿ ಮುಗಿಯುತ್ತದೆ.